ಫೋಟೋದಲ್ಲಿ ಮಗು ಹಳದಿ ಕಾಣ್ತಿದೆಯಾ? ಮೊದಲು ಫೋಟೋದ ಬಣ್ಣವನ್ನೇ ಪರೀಕ್ಷಿಸಿ

ದೂರು ಹೆಚ್ಚಾಗಿ ಹೀಗೆ ಬರುತ್ತದೆ. ಬದಿಯಡ್ಕದಲ್ಲೋ ಪೆರ್ಲದಲ್ಲೋ ಒಂದು ಮನೆಯಲ್ಲಿ ಹೆರಿಗೆಯಾಗಿ ಮೂರ್ನಾಲ್ಕು ದಿನ ಆಗಿರುತ್ತದೆ. ಮಗುವಿನ ಅಪ್ಪ ದುಬೈಯಲ್ಲಿ, ಚಿಕ್ಕಮ್ಮ ಬೆಂಗಳೂರಿನಲ್ಲಿ. ಮನೆಯವರ ವಾಟ್ಸಾಪ್ ಗುಂಪಿಗೆ ಮಗುವಿನ ಫೋಟೋ ಬೀಳುತ್ತದೆ. ಒಬ್ಬರು "ಮಗು ಹಳದಿ ಕಾಣ್ತದಲ್ಲ, ಕಾಮಾಲೆಯಾ?" ಅಂತ ಕೇಳುತ್ತಾರೆ. ಇನ್ನೊಬ್ಬರು "ಬೆಳಕಿಗೆ ಹಿಡಿದು ಇನ್ನೊಂದು ತೆಗೆದು ಕಳಿಸಿ" ಅನ್ನುತ್ತಾರೆ. ಎರಡನೇ ಫೋಟೋದಲ್ಲಿ ಮಗು ಕೆಂಪಗೆ, ಚೆಂದಕ್ಕೆ ಕಾಣುತ್ತದೆ. ಎಲ್ಲರಿಗೂ ಸಮಾಧಾನ. ಅಲ್ಲಿಗೆ ಮಾತು ಮುಗಿಯುತ್ತದೆ.

ನನಗೆ ಹೆದರಿಕೆ ಹುಟ್ಟಿಸುವುದು ಆ ಸಮಾಧಾನ. ಫೋಟೋ ಸುಮ್ನೆ ಹಳದಿ ತೋರಿಸಿದರೆ ಆಸ್ಪತ್ರೆಗೆ ಒಂದು ಸಲ ಹೋಗಿ ಬಂದರಾಯಿತು, ನಷ್ಟ ಏನಿಲ್ಲ. ಇರುವ ಹಳದಿಯನ್ನು ಫೋಟೋ ಅಳಿಸಿ ತೋರಿಸಿದರೆ ಮಗುವಿಗೆ ಸಿಗಬೇಕಾದ ಚಿಕಿತ್ಸೆ ಒಂದೆರಡು ದಿನ ತಡವಾಗುತ್ತದೆ. ಹುಟ್ಟಿದ ಮಗುವಿನ ರಕ್ತದಲ್ಲಿ ಬಿಲಿರುಬಿನ್ ಅನ್ನುವ ಹಳದಿ ವಸ್ತು ತುಂಬ ಏರಿದರೆ ಅದು ಮೆದುಳಿಗೆ ಹೋಗಿ, ಮತ್ತೆ ಸರಿಯಾಗದ ಹಾನಿ ಮಾಡಬಹುದು. ತಿಂಗಳು ತುಂಬಿ ಹುಟ್ಟಿದ ಮಕ್ಕಳಲ್ಲಿ ಬಿಲಿರುಬಿನ್ ಸಾಮಾನ್ಯವಾಗಿ ಮೂರರಿಂದ ಐದನೇ ದಿನದ ಹೊತ್ತಿಗೆ ಅತಿ ಹೆಚ್ಚಾಗುತ್ತದೆ. ಅಂದರೆ ಆಸ್ಪತ್ರೆಯಿಂದ ಮನೆಗೆ ಬಂದು, ಎಲ್ಲರೂ ಫೋಟೋ ನೋಡುತ್ತಿರುವ ಅದೇ ದಿನಗಳಲ್ಲಿ.

ನಾನು ಕುಂಬಳೆ ಕಡೆ ಸ್ಟುಡಿಯೋ ನಡೆಸುವವ. ಮದುವೆ ಆಲ್ಬಂನಲ್ಲಿ ಮದುಮಗಳ ಮುಖದ ಬಣ್ಣ ಸರಿಮಾಡುವುದೇ ನಮ್ಮ ಅರ್ಧ ಕೆಲಸ. ಮನೆಯಲ್ಲಿ ತಂಗಿ ನರ್ಸ್. ಹಾಗಾಗಿ ಈ ಎರಡೂ ಕಡೆಯ ಮಾತು ನನ್ನ ಕಿವಿಗೆ ಬೀಳುತ್ತಲೇ ಇರುತ್ತದೆ. ಫೋಟೋದಲ್ಲಿ ಬಣ್ಣ ಎಲ್ಲಿ ಕೆಡುತ್ತದೆ, ಅದನ್ನು ಹೇಗೆ ಕಂಡುಹಿಡಿಯುವುದು, ಕಂಡುಹಿಡಿದರೂ ಯಾಕೆ ಸರಿಮಾಡಲು ಆಗುವುದಿಲ್ಲ ಅನ್ನುವುದನ್ನು ಒಂದೊಂದಾಗಿ ಬರೆಯುತ್ತೇನೆ.

ಒಂದು ಮಗು, ಮೂರು ಫೋಟೋ

ಮಳೆಗಾಲದಲ್ಲಿ ಪರಿಚಯದ ಒಂದು ಮನೆಯಿಂದ ಮೂರು ಫೋಟೋ ಬಂದವು. ಮಗುವಿಗೆ ನಾಲ್ಕನೇ ದಿನ. 36 ವಾರಕ್ಕೇ ಹುಟ್ಟಿದ ಮಗು. ಮೂರೂ ಫೋಟೋ ಅರ್ಧ ಗಂಟೆಯೊಳಗೆ, ಒಂದೇ ಫೋನಿನಲ್ಲಿ ತೆಗೆದದ್ದು. "ಅಣ್ಣಾ, ಇದ್ರಲ್ಲಿ ಯಾವುದರ ಬಣ್ಣ ಸರಿ ಅಂತ ನೀವು ನೋಡಿ ಹೇಳಿ" ಅಂತ ಮಗುವಿನ ಮಾವ ಕೇಳಿದರು.

ಮೊದಲನೇದು ಬಾಣಂತಿ ಮಲಗುವ ಒಳಕೋಣೆಯಲ್ಲಿ, ಹಳದಿ ಎಲ್‌ಇಡಿ ಬಲ್ಬಿನ ಕೆಳಗೆ ತೆಗೆದದ್ದು. ಅದರಲ್ಲಿ ಮಗು ಚೆನ್ನಾಗಿ ಹಳದಿ. ಎರಡನೇದು ಕಿಟಕಿ ಹತ್ತಿರ. ಇರಚಲು ಹೊಡೆಯದಂತೆ ಆ ಕಿಟಕಿಯ ಹೊರಗೆ ನೀಲಿ ಟಾರ್ಪಾಲು ಕಟ್ಟಿದ್ದರು. ಅದರಲ್ಲಿ ಮಗು ಹೌದೋ ಅಲ್ಲವೋ ಎಂಬಷ್ಟು ಹಳದಿ. ಮೂರನೇದು ಜಗಲಿಯಲ್ಲಿ, ಮುಖವೇ ತುಂಬಿಕೊಳ್ಳುವಷ್ಟು ಹತ್ತಿರದಿಂದ ತೆಗೆದದ್ದು. ಅದರಲ್ಲಿ ಮಗು ಗುಲಾಬಿ. ಮನೆಯವರೆಲ್ಲ ಮೂರನೇದನ್ನೇ ನಂಬಿದ್ದರು. ಹಗಲು ಬೆಳಕು, ಹತ್ತಿರದಿಂದ ತೆಗೆದದ್ದು, ಸ್ಪಷ್ಟವಾಗಿಯೂ ಇದೆ. ನಂಬುವುದು ಸಹಜ ಅಲ್ವಾ?

ಕಣ್ಣಂದಾಜು ಬಿಟ್ಟು ಅಂಕಿ ನೋಡೋಣ ಅಂತ ಫೋಟೋಗಳನ್ನು ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ತೆರೆದೆ. ಪ್ರತಿ ಚುಕ್ಕೆಯ ಬಣ್ಣಕ್ಕೂ ಕೆಂಪು, ಹಸಿರು, ನೀಲಿ ಅಂತ ಮೂರು ಅಂಕಿ ಇರುತ್ತವೆ, 0ಯಿಂದ 255ರವರೆಗೆ. ಬಿಲಿರುಬಿನ್ ನೀಲಿ ಬೆಳಕನ್ನು ಹೀರುತ್ತದೆ. ಅದು ಚರ್ಮದಲ್ಲಿ ಸೇರಿದಷ್ಟೂ ಚರ್ಮದಿಂದ ವಾಪಸು ಬರುವ ನೀಲಿ ಕಡಿಮೆಯಾಗುತ್ತದೆ, ಅದಕ್ಕೇ ನಮಗೆ ಹಳದಿ ಕಾಣುವುದು. ಹಾಗಾಗಿ ಕೆನ್ನೆಯ ನೀಲಿ ಅಂಕಿಯನ್ನು ಹಸಿರು ಅಂಕಿಯಿಂದ ಭಾಗಿಸಿ ನೋಡಿದರೆ ಹಳದಿ ಎಷ್ಟೆಂಬ ಒಂದು ಅಂದಾಜು ಸಿಗುತ್ತದೆ. ಅದು ಚಿಕ್ಕದಾದಷ್ಟೂ ಹಳದಿ ಜಾಸ್ತಿ.

ಒಳಕೋಣೆಯ ಫೋಟೋದಲ್ಲಿ ಕೆನ್ನೆಯ ಹಸಿರು 166, ನೀಲಿ 112. ಭಾಗಿಸಿದರೆ 0.67. ಕಿಟಕಿಯದ್ದರಲ್ಲಿ 164 ಮತ್ತು 132, ಅಂದರೆ 0.80. ಜಗಲಿಯದ್ದರಲ್ಲಿ 176 ಮತ್ತು 158, ಅಂದರೆ 0.90. ಅರ್ಧ ಗಂಟೆಯಲ್ಲಿ ಮಗುವಿನ ರಕ್ತ ಇಷ್ಟು ಬದಲಾಗುವುದಿಲ್ಲ. ಬದಲಾದದ್ದು ಫೋಟೋ. ಎಲ್ಲೆಲ್ಲಿ ಬದಲಾಯಿತು ಅಂತ ನೋಡೋಣ.

ಮೊದಲ ಜಾಗ: ಬೆಳಕು

ಬಲ್ಬಿನ ಪೆಟ್ಟಿಗೆಯ ಮೇಲೆ 3000K, 6500K ಅಂತ ಬರೆದಿರುತ್ತದೆ. 3000K ಅಂದರೆ ಹಳದಿ ಬೆಳಕು, ಅದರಲ್ಲಿ ನೀಲಿ ಕಡಿಮೆ. 6500K ಅಂದರೆ ಬೆಳ್ಳಗಿನ ಬೆಳಕು, ಅದರಲ್ಲಿ ನೀಲಿ ಹೆಚ್ಚು. ಬೆಳಕಿನಲ್ಲೇ ನೀಲಿ ಕಡಿಮೆ ಇದ್ದರೆ ಯಾರ ಚರ್ಮದಿಂದಲೂ ನೀಲಿ ಹೆಚ್ಚು ವಾಪಸು ಬರುವುದಿಲ್ಲ. ಆ ಕೋಣೆಯಲ್ಲಿ ಎಲ್ಲರೂ ಹಳದಿಯೇ. ಆದರೆ ಅಲ್ಲೇ ಕೂತವರಿಗೆ ಅದು ಗೊತ್ತಾಗುವುದಿಲ್ಲ. ನಮ್ಮ ಕಣ್ಣು ಒಂದೆರಡು ನಿಮಿಷದಲ್ಲಿ ಆ ಬೆಳಕಿಗೆ ಹೊಂದಿಕೊಂಡು ಬಿಳಿ ಮುಂಡನ್ನು ಬಿಳಿಯಾಗಿಯೇ ಕಾಣುತ್ತದೆ. ದುಬೈಯಲ್ಲಿ ಕೂತು ಫೋಟೋ ನೋಡುವವನ ಕಣ್ಣು ಹೊಂದಿಕೊಂಡಿರುವುದು ಅವನ ಕೋಣೆಯ ಬೆಳಕಿಗೆ.

ನೇರ ಬೆಳಕು ಮಾತ್ರ ಅಲ್ಲ, ಸುತ್ತ ಬಡಿದು ಬರುವ ಬೆಳಕೂ ಬಣ್ಣ ಹಚ್ಚುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ಇದು ಜಾಸ್ತಿ. ಅಡಕೆ ತೋಟದ ಪಕ್ಕದ ಜಗಲಿಗೆ ಬರುವ ಬೆಳಕು ಎಲೆಗಳಿಗೆ ಬಡಿದು ಹಸಿರಾಗಿರುತ್ತದೆ. ಕೆಂಪು ನೆಲದಿಂದ ಮೇಲೆ ಬರುವ ಬೆಳಕು ಕೆಂಪಗಿರುತ್ತದೆ. ಮಗು ಅಜ್ಜಿಯ ತೊಡೆಯ ಮೇಲಿದ್ದರೆ ಅಜ್ಜಿಯ ಸೀರೆಯ ಬಣ್ಣ ಮಗುವಿನ ಕೆನ್ನೆಗೆ ಹತ್ತುತ್ತದೆ. ಹಳದಿ ಸೀರೆಯ ಮೇಲೆ ಮಲಗಿಸಿದ ಮಗುವಿನ ಗಲ್ಲದ ಕೆಳಭಾಗ ಮಾತ್ರ ಹಳದಿ ಕಂಡರೆ ಮೊದಲು ಸೀರೆಯನ್ನು ಅನುಮಾನಿಸಬೇಕು.

ಪರೀಕ್ಷೆ ಸುಲಭ. ಅದೇ ಜಾಗದಲ್ಲಿ, ಮಗುವಿನ ಕೆನ್ನೆಯ ಪಕ್ಕದಲ್ಲೇ ಆರೋಗ್ಯವಾಗಿರುವ ದೊಡ್ಡವರ ಕೈ ಇಟ್ಟು ಫೋಟೋ ತೆಗೆಯಿರಿ. ಆ ಕೈಯೂ ಹಳದಿ ಕಂಡರೆ ಬೆಳಕು ಕೆಟ್ಟಿದೆ. ಆದರೆ ಅದು ಬಾಣಂತಿಯ ಕೈ ಅಥವಾ ಅಡುಗೆ ಮಾಡುವವರ ಕೈ ಆಗದಿರಲಿ, ಅರಸಿನ ಹತ್ತಿರುತ್ತದೆ. ಮಗುವಿನ ಮೈಗೆ ಅರಸಿನ ಸೇರಿಸಿದ ಎಣ್ಣೆ ಹಚ್ಚಿದ್ದರೂ ಈ ಪರೀಕ್ಷೆಗೆ ಅರ್ಥವಿಲ್ಲ.

ಕೈ ಹಳದಿ ಕಾಣಲಿಲ್ಲ ಅಂತ ಫೋಟೋದ ಬಣ್ಣವೇ ಸರಿ ಇದೆ ಅಂತ ತೀರ್ಮಾನಿಸಬೇಡಿ. ಬಾಕಿ ಜಾಗಗಳಲ್ಲೂ ದೋಷ ಇರಬಹುದು.

ಎರಡನೇ ಜಾಗ: ಕ್ಯಾಮೆರಾದ ಊಹೆ

ನಿಜವಾದ ತೊಂದರೆ ಇರುವುದು ಇಲ್ಲಿ. ಕ್ಯಾಮೆರಾದ ಸೆನ್ಸರಿಗೆ ತನ್ನ ಮೇಲೆ ಬಿದ್ದ ಬೆಳಕು ಮಾತ್ರ ಗೊತ್ತು. ಅದರಲ್ಲಿರುವ ಹಳದಿ ಬಣ್ಣ ಬಲ್ಬಿನಿಂದ ಬಂತೋ ಚರ್ಮದಿಂದ ಬಂತೋ ಅಂತ ಅದಕ್ಕೆ ಗೊತ್ತಾಗುವ ದಾರಿ ಇಲ್ಲ. ಹಾಗಾಗಿ ಅದು ಊಹೆ ಮಾಡುತ್ತದೆ. ಇದನ್ನೇ ಆಟೋ ವೈಟ್ ಬ್ಯಾಲೆನ್ಸ್ ಅನ್ನುವುದು. ಹಳೆಯ, ಸರಳ ಊಹೆ ಏನೆಂದರೆ, ಒಂದು ದೃಶ್ಯದ ಎಲ್ಲ ಬಣ್ಣ ಸೇರಿಸಿ ಸರಾಸರಿ ತೆಗೆದರೆ ಬೂದು ಬರಬೇಕು. ಸರಾಸರಿ ಹಳದಿಗೆ ವಾಲಿದರೆ ಬೆಳಕೇ ಹಳದಿ ಅಂದುಕೊಂಡು ಕ್ಯಾಮೆರಾ ಎಲ್ಲ ಕಡೆ ನೀಲಿ ಸೇರಿಸುತ್ತದೆ. ಈಗಿನ ಫೋನುಗಳು ಇದಕ್ಕಿಂತ ಜಾಣತನದಿಂದ ಊಹಿಸುತ್ತವೆ, ಮುಖ ಗುರುತಿಸಿ, ಆಕಾಶ ಗುರುತಿಸಿ ಲೆಕ್ಕ ಹಾಕುತ್ತವೆ. ಆದರೂ ಅದು ಊಹೆಯೇ.

ಈಗ ಆ ಜಗಲಿಯ ಫೋಟೋ ನೆನಪಿಸಿಕೊಳ್ಳಿ. ಚೌಕಟ್ಟಿನ ತುಂಬ ಮಗುವಿನ ಮುಖ. ಬೇರೆ ಬಣ್ಣ ಏನೂ ಇಲ್ಲ. ಕ್ಯಾಮೆರಾಗೆ ಸಿಕ್ಕಿದ್ದೆಲ್ಲ ಹಳದಿ ಛಾಯೆಯ ಚರ್ಮ. ಬೆಳಕೇ ಹಳದಿ ಇರಬೇಕು ಅಂದುಕೊಂಡು ಅದು ನೀಲಿ ಸೇರಿಸಿತು. ಕೆನ್ನೆಯ ಹಳದಿ ಹೋಯಿತು, ಮಗು ಗುಲಾಬಿ ಆಯಿತು. ಚರ್ಮವನ್ನು ಚೆನ್ನಾಗಿ ನೋಡಲಿ ಅಂತ ಹತ್ತಿರ ಹೋದಷ್ಟೂ ಕ್ಯಾಮೆರಾ ಚರ್ಮದ ಬಣ್ಣವನ್ನೇ ದೋಷ ಅಂತ ತಿಳಿದು ತೆಗೆದುಹಾಕುವ ಸಾಧ್ಯತೆ ಜಾಸ್ತಿ. "ಇನ್ನೂ ಹತ್ತಿರದಿಂದ ತೆಗೆದು ಕಳಿಸಿ" ಅಂತ ಕೇಳುವವರು ಇದನ್ನು ತಿಳಿದಿರಬೇಕು.

ಇದರ ಉಲ್ಟಾ ಕೂಡ ಆಗುತ್ತದೆ. ಚೌಕಟ್ಟಿನಲ್ಲಿ ನೀಲಿ ಟಾರ್ಪಾಲು ಅಥವಾ ನೀಲಿ ಬೆಡ್‌ಶೀಟು ತುಂಬಿದ್ದರೆ ಕ್ಯಾಮೆರಾ ಹಳದಿ ಸೇರಿಸಬಹುದು. ಸರಿ ಇರುವ ಮಗುವೂ ಹಳದಿ ಕಾಣುತ್ತದೆ. ಹಿಂದೆ ಹಸಿರು ತೋಟ ತುಂಬಿದ್ದರೆ ಮುಖ ಗುಲಾಬಿಗೆ ತಿರುಗಬಹುದು. ಕೆಂಪು ಬೈರಾಸಿನಲ್ಲಿ ಸುತ್ತಿದ್ದರೆ ಮುಖದ ಕೆಂಪು ತೆಗೆದು ಬಿಳಿಚಿದಂತೆ ಮಾಡಬಹುದು.

ಇದನ್ನು ನೀವೇ ನೋಡಬಹುದು. ನಿಮ್ಮ ಕೈಯನ್ನು ಕಿಟಕಿಯ ಪಕ್ಕ ಒಂದು ನೀಲಿ ಬಟ್ಟೆಯ ಮೇಲೆ ಇಟ್ಟು ಫೋಟೋ ತೆಗೆಯಿರಿ. ಕೈ ಕದಲಿಸದೆ ಬಟ್ಟೆ ಎಳೆದು ಹಳದಿ ಬಟ್ಟೆ ಹಾಕಿ ಇನ್ನೊಂದು ತೆಗೆಯಿರಿ. ಆಮೇಲೆ ಕೈ ಮಾತ್ರ ಕಾಣುವಂತೆ ಎರಡನ್ನೂ ಕತ್ತರಿಸಿ ಪಕ್ಕ ಪಕ್ಕ ಇಟ್ಟು ನೋಡಿ. ಎಷ್ಟೋ ಫೋನುಗಳಲ್ಲಿ ಅವು ಇಬ್ಬರು ಬೇರೆ ಬೇರೆ ಜನರ ಕೈಗಳ ಹಾಗೆ ಕಾಣುತ್ತವೆ.

ಇದರ ಮೇಲೆ ಮುಖದ ಅಲಂಕಾರ ಬೇರೆ. ಬ್ಯೂಟಿ ಮೋಡ್ ಆಫ್ ಇದ್ದರೂ ಹಲವು ಫೋನುಗಳು ಮುಖವನ್ನು ಗುರುತಿಸಿ ಅಲ್ಲಿ ಮಾತ್ರ ಬೆಳಕು ಏರಿಸುತ್ತವೆ, ನೆರಳು ತೆಗೆಯುತ್ತವೆ, ಜನರಿಗೆ ಇಷ್ಟವಾಗುವ ಚರ್ಮದ ಬಣ್ಣಕ್ಕೆ ಎಳೆಯುತ್ತವೆ. ಫೋಟೋ ಚೆಂದ ಬರಲಿ ಅಂತ ಮಾಡಿದ ಏರ್ಪಾಡು ಅದು. ಅದಕ್ಕೆ ಕಾಮಾಲೆಯೂ ಒಂದು ಕಲೆಯೇ. ಮುಖಕ್ಕೆ ಮಾಡಿದ ಬದಲಾವಣೆಯನ್ನು ಪಕ್ಕದ ಬಟ್ಟೆಗೆ ಮಾಡಿರುವುದಿಲ್ಲ. ಹಾಗಾಗಿ ಬಟ್ಟೆಯನ್ನು ನೋಡಿ ಮುಖದ ಬಣ್ಣ ಸರಿಮಾಡುತ್ತೇನೆ ಅಂದರೂ ಆಗುವುದಿಲ್ಲ.

ಬಿಳಿ ಬಟ್ಟೆ ಇಟ್ಟು ಸರಿಮಾಡಬಹುದಲ್ಲ?

ಸ್ಟುಡಿಯೋದವರಿಗೆ ಮೊದಲು ಹೊಳೆಯುವುದು ಇದೇ. ಫೋಟೋದಲ್ಲಿ ಬಿಳಿ ಅಂತ ಗೊತ್ತಿರುವ ವಸ್ತು ಒಂದಿದ್ದರೆ, ಅದರ ಮೂರೂ ಅಂಕಿ ಸಮ ಆಗುವ ಹಾಗೆ ಇಡೀ ಫೋಟೋ ತಿದ್ದಬಹುದು. ಆ ಮಗುವಿಗೆ ಬಿಳಿ ಹತ್ತಿಬಟ್ಟೆ ಸುತ್ತಿದ್ದರಿಂದ ನಾನೂ ಲೆಕ್ಕ ಹಾಕಿ ನೋಡಿದೆ.

ಒಳಕೋಣೆಯ ಫೋಟೋದಲ್ಲಿ ಬಟ್ಟೆಯ ಹಸಿರು 219, ನೀಲಿ 178 ಇತ್ತು. ಬಟ್ಟೆಯೇ ಹಳದಿ ಕಾಣುತ್ತಿತ್ತು, ಅಂದರೆ ಬಲ್ಬಿನ ಹಳದಿಯನ್ನು ಕ್ಯಾಮೆರಾ ಪೂರ್ತಿ ತೆಗೆದಿರಲಿಲ್ಲ. ಅದನ್ನು ಕಳೆದ ಮೇಲೆ ಕೆನ್ನೆಯ ಲೆಕ್ಕ 0.67ರಿಂದ 0.83ಕ್ಕೆ ಬಂತು. ಕಂಡ ಹಳದಿಯಲ್ಲಿ ದೊಡ್ಡ ಪಾಲು ಬಲ್ಬಿನದ್ದೇ.

ಕಿಟಕಿಯ ಫೋಟೋದಲ್ಲಿ ಲೆಕ್ಕ ಕೂಡಲೇ ಇಲ್ಲ. ಮಗುವಿನ ಒಂದು ಬದಿಗೆ ಟಾರ್ಪಾಲಿನ ನೀಲಿ ಬೆಳಕು, ಇನ್ನೊಂದು ಬದಿಗೆ ಒಳಗಿನ ಬಲ್ಬಿನ ಹಳದಿ ಬೆಳಕು. ಒಂದೇ ಬಟ್ಟೆ ಕಿಟಕಿಯ ಕಡೆ ಹಸಿರು 219, ನೀಲಿ 235. ಒಳಗಿನ ಕಡೆ ಹಸಿರು 221, ನೀಲಿ 201. ಕಿಟಕಿ ಬದಿಯ ಬಟ್ಟೆಯನ್ನು ಬಿಳಿ ಅಂತ ಹಿಡಿದರೆ ಕೆನ್ನೆಯ ಲೆಕ್ಕ 0.75, ಸಾಕಷ್ಟು ಹಳದಿ. ಒಳಬದಿಯದ್ದನ್ನು ಹಿಡಿದರೆ 0.88, ಹೆಚ್ಚುಕಮ್ಮಿ ಜಗಲಿಯ ಗುಲಾಬಿ ಫೋಟೋದಷ್ಟೇ. ಕೆನ್ನೆಯ ಮೇಲೆ ಎರಡು ಬೆಳಕೂ ಎಷ್ಟೆಷ್ಟು ಬಿದ್ದಿವೆ ಅಂತ ಗೊತ್ತಿಲ್ಲದ ಮೇಲೆ ಎರಡರಲ್ಲಿ ಯಾವುದು ಸರಿ ಅಂತ ಹೇಳುವ ದಾರಿ ಇಲ್ಲ. ಜಗಲಿಯ ಫೋಟೋದಲ್ಲಂತೂ ಬಟ್ಟೆಯೇ ಇಲ್ಲ, ತಿದ್ದುವ ಮಾತೇ ಬರುವುದಿಲ್ಲ.

ಬಟ್ಟೆಯೂ ನಿಜವಾದ ಬಿಳಿ ಅಲ್ಲ ಅನ್ನುವುದು ಇನ್ನೊಂದು ತೊಂದರೆ. ಒಗೆಯುವಾಗ ನೀಲಿ ಹಾಕುತ್ತಾರೆ. ಸೋಪಿನ ಪುಡಿಯಲ್ಲೂ ಬಟ್ಟೆ ಬೆಳ್ಳಗೆ ಹೊಳೆಯಲಿ ಅಂತ ಒಂದು ವಸ್ತು ಸೇರಿಸಿರುತ್ತಾರೆ. ಅದು ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುತ್ತದೆ. ಪ್ರಿಂಟರ್ ಕಾಗದದಲ್ಲೂ ಅದೇ ಇರುತ್ತದೆ. ಇಂಥ ನೀಲಿ ಛಾಯೆಯ ಬಟ್ಟೆಯನ್ನು ಬಿಳಿ ಅಂತ ನಂಬಿ ತಿದ್ದಿದರೆ ಮಗುವಿನ ಮೇಲೆ ಇಲ್ಲದ ಹಳದಿ ಬಂದು ಕೂರುತ್ತದೆ. ನಲ್ಲಿಯ ಜೋಡಣೆಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ನಾಲ್ಕೈದು ಪದರ ಸುತ್ತಿಟ್ಟರೆ ಅದು ಬಟ್ಟೆಗಿಂತ ಎಷ್ಟೋ ಒಳ್ಳೆಯ ಬಿಳಿ. ಸಾಮಾನು, ಸೀರೆಗಳ ಫೋಟೋ ತೆಗೆಯುವವರಿಗೆ ಇದು ಉಪಯೋಗಕ್ಕೆ ಬಂದೀತು. ಮಗುವಿನ ವಿಷಯದಲ್ಲಿ ಇದರಿಂದಲೂ ತೀರ್ಮಾನ ಸಿಗುವುದಿಲ್ಲ. ಎಲ್ಲವನ್ನೂ ಸರಿಯಾಗಿ ತಿದ್ದಿ 0.83 ಅಂತ ಬಂತು ಅಂತಲೇ ಇಟ್ಟುಕೊಳ್ಳಿ. ಆ ಮಗುವಿನ ಹುಟ್ಟುಬಣ್ಣ ಎಷ್ಟು? ಚರ್ಮದ ಕಪ್ಪು ಎಷ್ಟು, ರಕ್ತದ ಕೆಂಪು ಎಷ್ಟು, ಹಳದಿ ಎಷ್ಟು? ಅದನ್ನೆಲ್ಲ ಮೂರು ಅಂಕಿಯಿಂದ ಬಿಡಿಸಿ ಹೇಳಲು ಬರುವುದಿಲ್ಲ.

ಫೋನಿನಿಂದ ಕಾಮಾಲೆ ಅಂದಾಜು ಮಾಡುವ ಸಂಶೋಧನೆ ಆಗಿಲ್ಲ ಅಂತಲ್ಲ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಬಿಲಿಕ್ಯಾಮ್ ಅದರಲ್ಲೊಂದು. ಅವರು ಬಣ್ಣದ ಚೌಕಗಳಿರುವ ಕಾರ್ಡನ್ನು ಮಗುವಿನ ಮೈಮೇಲಿಟ್ಟು, ಫ್ಲ್ಯಾಶ್ ಹಾಕಿ ಒಮ್ಮೆ, ಹಾಕದೆ ಒಮ್ಮೆ ಚಿತ್ರ ತೆಗೆದರು. ಅದೇ ಮಕ್ಕಳ ರಕ್ತಪರೀಕ್ಷೆಯ ಫಲಿತಾಂಶದ ಜೊತೆ ತಾಳೆ ಹಾಕಿ ಲೆಕ್ಕವನ್ನು ಕಟ್ಟಿದರು. ಅಷ್ಟೆಲ್ಲ ಮಾಡಿದ ಮೇಲೂ ಅದರ ಗುರಿ ಯಾವ ಮಗುವಿಗೆ ರಕ್ತಪರೀಕ್ಷೆ ಬೇಕು ಅಂತ ಆರಿಸುವುದು. ಕಾರ್ಡೂ ಇಲ್ಲದ, ತಾಳೆಯೂ ಇಲ್ಲದ ನಮ್ಮ ವಾಟ್ಸಾಪ್ ಫೋಟೋದಿಂದ ಅದಕ್ಕಿಂತ ಜಾಸ್ತಿ ಕೇಳಬಾರದು.

ಮೂರನೇ ಜಾಗ: ನೋಡುವವರ ಪರದೆ

ಕಳಿಸುವಾಗ ಫೋಟೋ ಕುಗ್ಗುತ್ತದೆ, ಅದರಿಂದ ಬಣ್ಣ ಕೆಡುತ್ತದೆ ಅನ್ನುವವರಿದ್ದಾರೆ. ಕೆನ್ನೆಯಂಥ ಅಗಲ ಜಾಗದ ಬಣ್ಣ ಅದರಿಂದ ಅಷ್ಟೇನೂ ಬದಲಾಗುವುದಿಲ್ಲ. ಕಣ್ಣಿನ ಬಿಳಿಭಾಗದ ಅಂಚು, ಉಗುರಿನ ತುದಿಯಂಥ ಸಣ್ಣ ಜಾಗಗಳಲ್ಲಿ ಮಾತ್ರ ಪಕ್ಕದ ಬಣ್ಣ ಹರಡಿಕೊಳ್ಳುತ್ತದೆ, ಯಾಕೆಂದರೆ ಕುಗ್ಗಿಸುವಾಗ ಹೊಳಪಿಗಿಂತ ಬಣ್ಣದ ವಿವರವನ್ನು ಹೆಚ್ಚು ಕಡಿಮೆ ಮಾಡುತ್ತಾರೆ. ದೊಡ್ಡ ದೋಷ ಇರುವುದು ಪರದೆಯಲ್ಲಿ. ರಾತ್ರಿ ಕಣ್ಣಿಗೆ ಹಿತವಾಗಲಿ ಅಂತ ಎಷ್ಟೋ ಫೋನುಗಳು ತಾವಾಗಿಯೇ ಪರದೆಯ ನೀಲಿ ಕಡಿಮೆ ಮಾಡುತ್ತವೆ. ಸೆಟ್ಟಿಂಗ್ಸಿನಲ್ಲಿ ಇದು Night Light, Night Shift, Eye Comfort ಅಂತ ಬೇರೆ ಬೇರೆ ಹೆಸರಿನಲ್ಲಿರುತ್ತದೆ. ಅದು ಆನ್ ಇದ್ದಾಗ ಜಗತ್ತಿನ ಎಲ್ಲ ಮಕ್ಕಳೂ ಹಳದಿ.

"ನನ್ನ ಫೋನಲ್ಲಿ ಹಳದಿಯೇ ಕಾಣ್ತದೆ, ಬೇಕಾದ್ರೆ ನೋಡು" ಅಂತ ಸ್ಕ್ರೀನ್‌ಶಾಟ್ ಕಳಿಸಿ ಪ್ರಯೋಜನವಿಲ್ಲ. ಆ ಹಳದಿ ಸಾಮಾನ್ಯವಾಗಿ ಸ್ಕ್ರೀನ್‌ಶಾಟಿಗೆ ಬರುವುದಿಲ್ಲ, ಪರದೆಯಲ್ಲಿ ಮಾತ್ರ ಇರುತ್ತದೆ. ಎರಡು ಫೋನುಗಳನ್ನು ಅಕ್ಕಪಕ್ಕ ಇಟ್ಟು ಅದೇ ಫೋಟೋ ತೆರೆದರೆ ಒಂದು ಪರದೆಗೂ ಇನ್ನೊಂದಕ್ಕೂ ಎಷ್ಟು ವ್ಯತ್ಯಾಸ ಅನ್ನುವುದು ಗೊತ್ತಾಗುತ್ತದೆ. Vivid ಅನ್ನುವ ಸೆಟ್ಟಿಂಗ್ ಇರುವ ಫೋನಿನಲ್ಲಿ ಬಣ್ಣಗಳು ಇನ್ನೂ ಗಾಢವಾಗಿ ಕಾಣುತ್ತವೆ.

ಬಿಳಿಚಿಕೊಂಡಿದ್ದಾರಾ ಅನ್ನುವ ಪ್ರಶ್ನೆ

"ಅತ್ತಿಗೆ ಫೋಟೋದಲ್ಲಿ ತುಂಬ ಬಿಳಿಚಿಕೊಂಡ ಹಾಗೆ ಕಾಣ್ತಾರೆ, ರಕ್ತ ಕಮ್ಮಿ ಇದೆಯಾ?" ಬಾಣಂತಿಯರ ಬಗ್ಗೆ, ಬಸುರಿಯರ ಬಗ್ಗೆ ಈ ಮಾತು ಬರುತ್ತದೆ. ಇಲ್ಲಿ ದೋಷದ ಮೂಲ ಬೇರೆ. ಹಳದಿಯಲ್ಲಿ ವೈಟ್ ಬ್ಯಾಲೆನ್ಸ್ ಮುಖ್ಯವಾದರೆ, ಬಿಳಿಚುವುದರಲ್ಲಿ ಬೆಳಕಿನ ಪ್ರಮಾಣ ಮುಖ್ಯ.

ಕತ್ತಲೆ ಕೋಣೆಯಲ್ಲಿ ಫೋಟೋ ತೆಗೆದರೆ ಕ್ಯಾಮೆರಾ ಇಡೀ ಚಿತ್ರವನ್ನು ಬೆಳಗಿಸುತ್ತದೆ. ಮುಖದ ಬಣ್ಣ ಕೆಂಪು 180, ಹಸಿರು 125, ನೀಲಿ 105 ಇದೆ ಅಂದುಕೊಳ್ಳಿ. ಇದನ್ನು ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ, 1.6 ಪಟ್ಟು ಬೆಳಗಿಸಿದರೆ ಹಸಿರು 200, ನೀಲಿ 168 ಆಗುತ್ತದೆ. ಕೆಂಪು 288 ಆಗಬೇಕಿತ್ತು, ಆದರೆ 255ರ ಮೇಲೆ ಅಂಕಿಯೇ ಇಲ್ಲ. ಅಲ್ಲಿಗೇ ನಿಲ್ಲುತ್ತದೆ. ಮೊದಲು ಕೆಂಪು ಹಸಿರಿನ 1.44 ಪಟ್ಟು ಇತ್ತು, ಈಗ 1.28ಕ್ಕೂ ಕಡಿಮೆ. ಮುಖದ ಕೆಂಪಿನಲ್ಲಿ ಒಂದು ಪಾಲು ಕಳೆದುಹೋಯಿತು. ಆಮೇಲೆ ಎಡಿಟ್ ಮಾಡಿ ಕತ್ತಲು ಮಾಡಿದರೂ ಅದು ಮರಳಿ ಬರುವುದಿಲ್ಲ. ಹತ್ತಿರದಿಂದ ಫ್ಲ್ಯಾಶ್ ಹಾಕಿದರೂ ಆಗುವುದು ಇದೇ. ಫೋಟೋದಲ್ಲಿ ಹಣೆ, ಮೂಗಿನ ತುದಿ ಬೆಳ್ಳಗೆ ಹೊಳೆಯುತ್ತಿದ್ದರೆ ಈ ದೋಷ ಆಗಿದೆ ಅಂತ ತಿಳಿಯಬಹುದು.

ಅಗ್ಗದ ಎಲ್‌ಇಡಿ ಬಲ್ಬುಗಳಲ್ಲಿ ಇನ್ನೊಂದು ಕೊರತೆ ಇದೆ. ಅವುಗಳಲ್ಲಿ ಗಾಢ ಕೆಂಪು ಬೆಳಕು ತೀರಾ ಕಡಿಮೆ. ಕಣ್ಣಿಗೆ ಬೆಳಕು ಬೆಳ್ಳಗೇ ಕಾಣುತ್ತದೆ. ಆದರೆ ಬೆಳಕಿನಲ್ಲೇ ಇಲ್ಲದ ಕೆಂಪನ್ನು ತುಟಿ, ಕೆನ್ನೆ ತೋರಿಸುವುದಾದರೂ ಹೇಗೆ? ಆ ಬಲ್ಬಿನಡಿ ಗಟ್ಟಿಮುಟ್ಟಾದವರೂ ಸೊರಗಿದಂತೆ ಕಾಣುತ್ತಾರೆ.

ಆಸ್ಪತ್ರೆಯಲ್ಲಿ ಮುಖದ ಬಣ್ಣ ನೋಡಿ ರಕ್ತ ಕಮ್ಮಿ ಅನ್ನುವುದಿಲ್ಲ. ಕಣ್ಣಿನ ಕೆಳರೆಪ್ಪೆ ಎಳೆದು ಒಳಭಾಗ ನೋಡುತ್ತಾರೆ, ಅಂಗೈ ನೋಡುತ್ತಾರೆ, ಉಗುರು ಒತ್ತಿ ನೋಡುತ್ತಾರೆ. ಅದರಲ್ಲೂ ಸ್ವಲ್ಪ ಮಟ್ಟಿನ ರಕ್ತಹೀನತೆ ತಪ್ಪಿಹೋಗುತ್ತದೆ, ಹಾಗಾಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುತ್ತಾರೆ. ಬಸುರಿಯರಲ್ಲಿ ಅದು 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆ ಇದ್ದರೆ ತೀವ್ರ ಅಂತ ಲೆಕ್ಕ. ಕೆಳರೆಪ್ಪೆ ಎಳೆದು ಫೋಟೋ ಕಳಿಸುವವರೂ ಇದ್ದಾರೆ. ಆ ಜಾಗ ಒದ್ದೆ. ಕಿಟಕಿಯ ಅಥವಾ ಬಲ್ಬಿನ ಬೆಳಕು ಅಲ್ಲಿ ಕನ್ನಡಿಯಲ್ಲಿ ಮೂಡಿದ ಹಾಗೆ ಬಿಳಿ ಚುಕ್ಕೆಯಾಗಿ ಮೂಡಿ ಕೆಂಪನ್ನು ಮುಚ್ಚುತ್ತದೆ.

ಆ ಮಗುವಿಗೆ ಏನಾಯಿತು

ಮಗುವಿನ ಮಾವನಿಗೆ ನಾನು ಫೋಟೋದ ಬಗ್ಗೆ ಒಂದೇ ಮಾತು ಹೇಳಿದೆ. ಈ ಮೂರರಿಂದ ಹೌದು ಅಂತಲೂ ಇಲ್ಲ ಅಂತಲೂ ಹೇಳಲು ಆಗುವುದಿಲ್ಲ. ಮಿಕ್ಕದ್ದನ್ನು ತಂಗಿ ಕೇಳಿದಳು. ಎಷ್ಟು ವಾರಕ್ಕೆ ಹುಟ್ಟಿದ್ದು, ಎಷ್ಟು ಗಂಟೆಗೊಮ್ಮೆ ಹಾಲು ಕುಡಿಯುತ್ತದೆ, ಎಷ್ಟು ಸಲ ಮೂತ್ರ ಮಾಡಿದೆ ಅಂತ. ಮಗು ನಿದ್ದೆಯಿಂದ ಎಬ್ಬಿಸಿದರೂ ಸರಿಯಾಗಿ ಕುಡಿಯುತ್ತಿರಲಿಲ್ಲ. "ಫೋಟೋ ನೋಡುದು ಬೇಡ, ಈಗ್ಲೇ ಕರ್ಕೊಂಡು ಹೋಗಿ" ಅಂದಳು. ಆವತ್ತೇ ಸಂಜೆ ರಕ್ತಪರೀಕ್ಷೆ ಆಯಿತು. ಬಿಲಿರುಬಿನ್ 18 ಇತ್ತು. 36 ವಾರಕ್ಕೆ ಹುಟ್ಟಿದ, ನಾಲ್ಕು ದಿನವೂ ತುಂಬದ ಮಗುವಿಗೆ ಅದು ಜಾಸ್ತಿ. ನೀಲಿ ದೀಪದ ಕೆಳಗೆ ಮಲಗಿಸಿದರು.

ಎಲ್ಲರೂ ನಂಬಿದ್ದ ಗುಲಾಬಿ ಫೋಟೋ ತೆಗೆದದ್ದು ಅದೇ ದಿನ ಮಧ್ಯಾಹ್ನ.

ನೀಲಿ ದೀಪದಡಿ ಇಟ್ಟ ಮೇಲೆ ಮನೆಯವರು ಮತ್ತೆ ಫೋಟೋ ನೋಡತೊಡಗಿದರು. "ಹಳದಿ ಹೋಯ್ತು, ಮನೆಗೆ ಕರ್ಕೊಂಡು ಬರ್ಬಹುದಾ?" ಅಂತ ಪ್ರಶ್ನೆ. ಇಲ್ಲಿ ಇನ್ನೂ ಜಾಗ್ರತೆ ಬೇಕು. ದೀಪದ ಬೆಳಕು ಬಿದ್ದ ಚರ್ಮದಲ್ಲಿ ಹಳದಿ ಬೇಗ ಕಡಿಮೆಯಾಗುತ್ತದೆ, ರಕ್ತದಲ್ಲಿ ಅಷ್ಟು ಬೇಗ ಇಳಿದಿರುವುದಿಲ್ಲ. ಆ ಹೊತ್ತಿನಲ್ಲಿ ಎದುರಿಗೆ ನಿಂತು ಬರಿಗಣ್ಣಿನಲ್ಲಿ ನೋಡಿದರೂ ಚರ್ಮದ ಬಣ್ಣ ದಾರಿ ತಪ್ಪಿಸುತ್ತದೆ. ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ರಕ್ತಪರೀಕ್ಷೆ ಹೇಳಬೇಕು. ಮನೆಯಲ್ಲೇ ಬಿಸಿಲಿಗೆ ಹಿಡಿದರೆ ಸಾಕು ಅನ್ನುವ ಮಾತೂ ನಮ್ಮಲ್ಲಿದೆ. ಅದು ಚಿಕಿತ್ಸೆಯಲ್ಲ. ಮಗುವಿನ ಮೈ ಸುಡುವ, ಒಣಗುವ ಅಪಾಯ ಬೇರೆ.

ಎದುರಿಗಿದ್ದು ನೋಡುವವರಿಗೆ ಫೋಟೋದಲ್ಲಿ ಆಗದ ಒಂದು ಕೆಲಸ ಆಗುತ್ತದೆ. ಹಗಲಿನ ಬೆಳಕಿನಲ್ಲಿ ಮಗುವಿನ ಮೂಗು ಅಥವಾ ಎದೆಯ ಮೇಲೆ ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟರೆ ಒಂದು ಕ್ಷಣ ರಕ್ತ ಸರಿದು ಚರ್ಮದ ಒಳಬಣ್ಣ ಕಾಣುತ್ತದೆ. ಅಲ್ಲಿ ಹಳದಿ ಕಂಡರೆ ಕಾಮಾಲೆ ಇದೆ. ಎಷ್ಟಿದೆ ಅನ್ನುವುದನ್ನು ಅದೂ ಹೇಳುವುದಿಲ್ಲ, ಅನುಭವ ಇರುವ ನರ್ಸಿನ ಕಣ್ಣೂ ಹೇಳುವುದಿಲ್ಲ. ಚರ್ಮಕ್ಕೆ ತಾಗಿಸಿ ಅಳೆಯುವ ಯಂತ್ರ ಅಥವಾ ಹಿಮ್ಮಡಿಯಿಂದ ತೆಗೆದ ರಕ್ತವೇ ಬೇಕು.

ಫೋಟೋದ ಬದಲು ಏನು ಕಳಿಸಬೇಕು

ಕೆಲವು ವಿಷಯಕ್ಕೆ ಯಾರ ಅಭಿಪ್ರಾಯಕ್ಕೂ ಕಾಯಬಾರದು. ಹುಟ್ಟಿ 24 ಗಂಟೆಯೊಳಗೇ ಹಳದಿ ಕಂಡರೆ, ಅಂಗೈ ಅಂಗಾಲಿನವರೆಗೂ ಹಳದಿ ಬಂದರೆ, ಮಗು ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಕೀರಲು ದನಿಯಲ್ಲಿ ಅತ್ತರೆ, ಬೆನ್ನು ಹಿಂದಕ್ಕೆ ಬಿಲ್ಲಿನಂತೆ ಬಾಗಿಸಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮಲ ಸುಣ್ಣದಂತೆ ಬಿಳಿಯಾಗಿದ್ದರೆ, ಮೂತ್ರ ಗಾಢವಾಗಿ ಬಟ್ಟೆಗೆ ಹಳದಿ ಕಲೆ ಹಿಡಿಸಿದರೆ, ಅಥವಾ ಎರಡು ವಾರ ಕಳೆದರೂ ಹಳದಿ ಹೋಗದಿದ್ದರೆ ಅದು ಲಿವರಿನ ಅಥವಾ ಪಿತ್ತನಾಳದ ಕಡೆಯ ಬೇರೆ ಕಾಯಿಲೆ ಇರಬಹುದು. ಅದನ್ನೂ ತಡಮಾಡದೆ ತೋರಿಸಬೇಕು. ಕಾಸರಗೋಡು ಜಿಲ್ಲೆಯವರು ಆಂಬುಲೆನ್ಸಿಗೆ 108ಕ್ಕೂ, ಏನು ಮಾಡಬೇಕು ಅಂತ ಕೇಳಲು ಕೇರಳ ಸರಕಾರದ ದಿಶಾ ಸಹಾಯವಾಣಿ 1056ಕ್ಕೂ ಕರೆ ಮಾಡಬಹುದು.

ಇಂಥ ಲಕ್ಷಣ ಇಲ್ಲದಿದ್ದರೂ ಅನುಮಾನ ಇದ್ದರೆ, ಆಶಾ ಕಾರ್ಯಕರ್ತೆಗೋ ಡಾಕ್ಟರಿಗೋ ಫೋಟೋ ಬದಲು ಈ ನಾಲ್ಕು ಸಾಲು ಕಳಿಸಿ. ಮಗು ಹುಟ್ಟಿ ಎಷ್ಟು ಗಂಟೆ ಆಯಿತು, ಎಷ್ಟು ವಾರಕ್ಕೆ ಹುಟ್ಟಿದ್ದು. ಹುಟ್ಟಿದಾಗ ತೂಕ ಎಷ್ಟು, ಈಗ ಎಷ್ಟು. ಕಳೆದ 24 ಗಂಟೆಯಲ್ಲಿ ಎಷ್ಟು ಸಲ ಹಾಲು ಕುಡಿಯಿತು, ಎಷ್ಟು ಸಲ ಬಟ್ಟೆ ಒದ್ದೆ ಮಾಡಿತು (ಐದನೇ ದಿನದ ಹೊತ್ತಿಗೆ ಆರು ಸಲವಾದರೂ ಆಗಬೇಕು). ಅಮ್ಮನ ಮತ್ತು ಮಗುವಿನ ರಕ್ತದ ಗುಂಪು ಯಾವುದು, ಮೊದಲಿನ ಮಗುವಿಗೆ ಕಾಮಾಲೆಗೆ ದೀಪ ಇಟ್ಟಿದ್ದರಾ. ಡಿಸ್ಚಾರ್ಜ್ ಕಾಗದದಲ್ಲಿ ಬಿಲಿರುಬಿನ್ ಅಂಕಿ ಬರೆದಿದ್ದರೆ ಆ ಕಾಗದದ ಫೋಟೋ ತೆಗೆದು ಜೊತೆಗೆ ಹಾಕಿ. ಅಕ್ಷರ ಓದುವುದಕ್ಕೆ ಬಲ್ಬು ಹಳದಿ ಇದ್ದರೂ ಅಡ್ಡಿಯಿಲ್ಲ.